ಯಾರ ಕಡೆಯವರು?

ಪ್ರಿಯಂವದಾ ಜೋಶಿಗೆ ಲಂಚ ಕಂಡರೆ ಸಿಟ್ಟು ಬರುವುದಿಲ್ಲ, ಹೊಟ್ಟೆ ತೊಳಸುತ್ತದೆ. ಇದು ಮಾತಿಗೆ ಹೇಳಿದ್ದಲ್ಲ. ಇಪ್ಪತ್ತಾರನೇ ವಯಸ್ಸಿನಲ್ಲಿ ಮೊದಲ ಕೆಲಸದ ಕಡೆ ಗುತ್ತಿಗೆದಾರನೊಬ್ಬ ಆಕೆಯ ಟೇಬಲ್ ಮೇಲೆ ಕುಂದಾ ಸಿಹಿಯ ಡಬ್ಬಿ ಇಟ್ಟು ಅದರ ಅಡಿಗೆ ಲಕೋಟೆ ಸಿಕ್ಕಿಸಿದ್ದ. ಆಕೆ ಹೊರಗೆ ಓಡಿಹೋಗಿ ನಲ್ಲಿ ಹತ್ತಿರ ವಾಂತಿ ಮಾಡಿಕೊಂಡಿದ್ದಳು. ಈಗ ನಲವತ್ತೇಳು ವರ್ಷ. ಕುಂದಾ ಇವತ್ತಿಗೂ ಬಾಯಿಗೆ ಇಡುವುದಿಲ್ಲ. ಸವದತ್ತಿಯಲ್ಲಿ ಪಂಚಾಂಗ ನೋಡಿ ಹೇಳುತ್ತಿದ್ದ ಅಪ್ಪ, ಯಾರಾದರೂ ದಕ್ಷಿಣೆ ಹೆಚ್ಚಿಗೆ ಕೊಟ್ಟು ಮುಹೂರ್ತ ಹಿಂದೆ ಮುಂದೆ ಮಾಡಿಕೊಡಿ ಎಂದರೆ ಪಂಚಾಂಗ ಮಡಚಿ ಒಳಗೆ ಹೋಗಿಬಿಡುತ್ತಿದ್ದರು. ಲಂಚದ ವಾಸನೆ ಹಿಡಿಯುವ ಅದೇ ಮೂಗು ಮಗಳಿಗೂ ಬಂದಿತ್ತು.

ಸವದತ್ತಿಯಿಂದ ಬೈಲಹೊಂಗಲದ ಕಡೆ ಹೋಗುವ ರಸ್ತೆಯಲ್ಲಿ ಶಾಲೆ ಮಕ್ಕಳ ಅಂಗಿ ಹೊಲಿಯುವ ಗಾರ್ಮೆಂಟ್ಸ್ ಒಂದಿದೆ. ನಾನೂರು ಮಶೀನು. ಅಲ್ಲಿ ಆಳುಗಳನ್ನು ತೆಗೆದುಕೊಳ್ಳುವ, ನೋಡಿಕೊಳ್ಳುವ ವಿಭಾಗಕ್ಕೆ ಆಕೆ ಮುಖ್ಯಸ್ಥೆ. ಹೋದ ವರ್ಷ ಟೇಲರುಗಳು ಬರುವುದಕ್ಕಿಂತ ಬಿಟ್ಟು ಹೋಗುವುದೇ ಹೆಚ್ಚಾದಾಗ ಮಾಲೀಕರಾದ ಮಲ್ಲಿಕಾರ್ಜುನ ಸಾಹೇಬರು, "ಒಳಗಿನ ಮಂದೀನ ತಮಗ ಗೊತ್ತಿದ್ದೋರನ್ನ ಕರಕೊಂಡು ಬರ್ಲಿ, ಕರಕೊಂಡು ಬಂದೋರಿಗೆ ಏನರ ಕೊಡೂಣು" ಎಂದರು. ನಿಯಮ ಬರೆದವಳು ಪ್ರಿಯಂವದಾ.

ಒಳ್ಳೆಯ ನಿಯಮಗಳೇ. ಪರಿಚಯ ಮಾಡಿಸಿದವರಿಗೆ ಒಟ್ಟು ಮೂರು ಸಾವಿರ. ಆದರೆ ಸೇರಿದ ದಿನ ಒಂದು ಪೈಸೆ ಇಲ್ಲ. ಬಂದವರು ಮೂರು ತಿಂಗಳು ನಿಂತರೆ ಅರ್ಧ, ಆರು ತಿಂಗಳು ನಿಂತರೆ ಉಳಿದರ್ಧ. ಇಲ್ಲದಿದ್ದರೆ ಯಾರನ್ನಾದರೂ ತಂದು ತಳ್ಳಿ ಕೈ ತೊಳೆದುಕೊಳ್ಳುತ್ತಾರೆ ಎಂದು ಆಕೆಗೆ ಗೊತ್ತಿತ್ತು. ಟೇಲರಿಗೆ ಎಷ್ಟೋ ಕಸ ಹೊಡೆಯುವವಳಿಗೂ ಅಷ್ಟೇ. ಸುಪರ್‌ವೈಸರುಗಳಿಗೆ, ಆಕೆಯ ವಿಭಾಗದವರಿಗೆ ಬಹುಮಾನ ಇಲ್ಲ. ಸಂಬಂಧಿಕರಾದರೆ ಚೀಟಿಯಲ್ಲಿ ಬರೆಯಬೇಕು, ಅವರನ್ನು ಒಂದೇ ಲೈನಿನಲ್ಲಿ ಕೂಡಿಸುವಂತಿಲ್ಲ. ಪರಿಚಯ ಇದ್ದರೆ ಪರೀಕ್ಷೆಯ ತನಕ ಬರಬಹುದು, ಅಷ್ಟೇ. ಪರೀಕ್ಷೆ ಎಲ್ಲರಿಗೂ ಒಂದೇ: ಇಪ್ಪತ್ತು ನಿಮಿಷದಲ್ಲಿ ಒಂದು ಕಾಲರ್, ಒಂದು ತೋಳು. ವರ್ಷಕ್ಕೆ ಎರಡು ಅವಕಾಶ. ಅರ್ಧದಷ್ಟು ಜಾಗ ಗೇಟಿನ ಬೋರ್ಡು ನೋಡಿ ತಾವಾಗಿ ಬಂದವರಿಗೇ ಮೀಸಲು.

ಎರಡು ಕಡೆ ಮಾತ್ರ ತಪ್ಪಿದಳು. ಪರಿಚಯ ಚೀಟಿಯನ್ನು ಪರೀಕ್ಷೆಯ ಹಾಳೆಗೇ ಪಿನ್ ಮಾಡಿಸಿದಳು, ಕಾಗದ ಕಳೆಯಬಾರದು ಎಂದು. ಇನ್ನೊಂದು, ಬಹುಮಾನವನ್ನು ಅಮಾವಾಸ್ಯೆಯ ಮಶೀನ್ ಪೂಜೆ ಆದ ಮೇಲೆ ಸುಪರ್‌ವೈಸರುಗಳ ಕೈಯಿಂದ ಕೊಡಿಸೋಣ, ನಾಲ್ಕು ಮಂದಿ ನೋಡಲಿ ಎಂದು ಸಾಹೇಬರು ಅಂದಾಗ ಹೂಂ ಅಂದಳು. ಮಶೀನಿಗೆ ಕುಂಕುಮ, ಊದಿನಕಡ್ಡಿ, ಒಡೆದ ಕಾಯಿ. ಎಲ್ಲರ ಕೈಗೆ ಕಾಯಿಯ ಒಂದು ಹೋಳು, ಕೆಲವರ ಕೈಗೆ ಹೋಳಿನ ಜೊತೆ ಲಕೋಟೆ. ನೋಡಲು ಚೆಂದವೇ ಇತ್ತು.

ಹತ್ತು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಶೆಟ್ಟೆವ್ವ ಪೊರಕೆಯನ್ನು ಬಾಗಿಲಿಗೆ ಆನಿಸಿ ಒಳಗೆ ಬಂದಳು. ಕಂಪನಿ ಶುರುವಾದಾಗಿನಿಂದ ಕಸ ಹೊಡೆಯುವವಳು, ಚಚಡಿ ಊರಿನವಳು.

"ಅಕ್ಕಾರ, ಒಂದ ಮಾತ ಕೇಳತೇನಿ, ಸಿಟ್ಟ ಆಗಬ್ಯಾಡ್ರಿ. ನಮ್ಮ ಮಾಲಾನ ಕೈಯಾಗ ಏನ ಕಮ್ಮಿ ಬಂತ್ರಿ?"

ಮಾಲಾ ಶೆಟ್ಟೆವ್ವನ ಪಕ್ಕದ ಮನೆಯ ಸೊಸೆ. ಎಂಟು ವರ್ಷದಿಂದ ಊರ ಹೆಂಗಸರ ಜಂಪರು ಹೊಲಿಯುತ್ತಾಳೆ. ಶೆಟ್ಟೆವ್ವ ಅವಳ ಹೆಸರು ಕೊಟ್ಟಿದ್ದಳು, ಅವಳು ಪರೀಕ್ಷೆಯಲ್ಲಿ ಫೇಲಾಗಿದ್ದಳು.

"ಬರೂ ಸೋಮವಾರ ಎರಡನೇದ್ದು ಐತಿ. ಅದೂ ಹೋದ್ರ ಈ ವರ್ಷದ್ದು ಮುಗೀತು. ಮನ್ಯಾಗ ಅತ್ತಿ ಆಗಲೇ ಮಶೀನ್ ಮಾರಿಬಿಡು ಅನ್ನಾಕತ್ಯಾಳ್ರಿ. ಕೈ ಬರೂದಿಲ್ಲಂತ ಕಂಪನಿಯವರ ಹೇಳ್ಯಾರಲ್ಲ ಅಂತಾಳ."

ಪ್ರಿಯಂವದಾ ಮಾದರಿಗಳ ಚೀಲ ತರಿಸಿದಳು. ಮಾಲಾ ಹೊಲಿದ ಕಾಲರನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಎರಡೂ ಮೂಲೆ ಒಂದಕ್ಕೊಂದು ಸರಿಯಾಗಿ ಕೂಡುತ್ತಿದ್ದವು, ಹೊಲಿಗೆ ಎಲ್ಲಿಯೂ ಓಡಿರಲಿಲ್ಲ. ಅಂಕ ಹತ್ತಕ್ಕೆ ನಾಲ್ಕು. ಅದರ ಕೆಳಗಿನ ತುಂಡು ತೆಗೆದಳು. ತೋಳು ನೆರಿಗೆ ಬಿದ್ದು ಮುದುಡಿತ್ತು, ಕಾಲರಿನ ಒಂದು ಕಿವಿ ಮೇಲೆ, ಒಂದು ಕಿವಿ ಕೆಳಗೆ. ಅಂಕ ಹತ್ತಕ್ಕೆ ಎಂಟು. ಎರಡಕ್ಕೂ ಸಹಿ ಪರೀಕ್ಷೆ ನಡೆಸುವ ಹಿರಿಯ ಸುಪರ್‌ವೈಸರ್, ಫ್ಲೋರ್ ಇನ್‌ಚಾರ್ಜ್ ಭಾರ್ಗವನದು. ಎರಡನೆಯದಕ್ಕೆ ಪಿನ್ ಮಾಡಿದ ಚೀಟಿಯಲ್ಲಿ ಪರಿಚಯ ಮಾಡಿಸಿದವನ ಹೆಸರು ನೀಲಪ್ಪ, ಇಸ್ತ್ರಿ ವಿಭಾಗ.

ನೀಲಪ್ಪನ ಹೆಸರಿನ ಚೀಟಿಗಳನ್ನೆಲ್ಲ ಆರಿಸಿದಳು. ಹನ್ನೊಂದು. ಅದರಲ್ಲಿ ಏಳು ಮಂದಿ ರಾಮದುರ್ಗದ ಕಡೆಯವರು, ಸಾಲಹಳ್ಳಿಯವರು. ಆ ಮನುಷ್ಯ ಸವದತ್ತಿ ಬಿಟ್ಟು ಆಚೆ ಹೋದವನೇ ಅಲ್ಲ. ಹನ್ನೊಂದು ಮಂದಿಯೂ ಪಾಸು.

ನೀಲಪ್ಪನನ್ನು ಕರೆಸಿದಳು. ಒಳ್ಳೆಯ ಮನುಷ್ಯ, ಸುಳ್ಳು ಹೇಳಲೂ ಬರುವುದಿಲ್ಲ.

"ನೀಲಪ್ಪ, ಸಾಲಹಳ್ಳಿ ಸುಂದರವ್ವ ನಿಮಗ ಹೆಂಗ ಗೊತ್ತು?"

"ಗೊತ್ತಿಲ್ರೀ ಮೇಡಂ. ಗೇಟಿಗೆ ಬಂದೋರನ್ನ ವಾಚ್‌ಮನ್ ಯಾರ ಕಡಿಯವ್ರು ಅಂತ ಕೇಳ್ತಾನ್ರಿ. ಯಾರ ಕಡಿಯವ್ರೂ ಅಲ್ಲ ಅಂದ್ರ ಭಾರ್ಗವ ಸರ್ ಕಡೆ ಕಳಸ್ತಾನ. ಸರ್ ನನ್ನ ಹೆಸರ ಬರಸ್ತಾರ. ಅವರ ಹೆಸರ ಬರಿಯಾಕ ಬರೂದಿಲ್ಲಲ್ರಿ, ನಿಯಮ ಐತಿ."

"ಮತ್ತ ಬಹುಮಾನ?"

"ಅರ್ಧ ಭಾರ್ಗವ ಸರ್‌ಗೆ ಕೊಡತೇನ್ರಿ. ಪೂಜಿ ದಿನಾನ, ಕಾಯಿ ತಗೊಂಡ ಮ್ಯಾಲೆ. ಎಲ್ಲಾರೂ ಹಂಗ ಮಾಡ್ತಾರ್ರಿ. ಕೊಟ್ಟೋರ ಕೈ ಅಲ್ಲೇನ್ರಿ ಅದು."

ಥೂ. ಬೋರ್ಡು ನೋಡಿ ತಾನಾಗಿ ಬಂದವಳ ಮೇಲೂ ಒಬ್ಬನ ಹೆಸರು ಅಂಟಿಸಿ, ಆ ಹೆಸರಿನ ಮೇಲೆ ದುಡ್ಡು ಎತ್ತಿ, ಆ ದುಡ್ಡಿನಲ್ಲಿ ಪಾಲು ತಿನ್ನುವುದು. ಹೆಸರು ಅಂಟಿಸಿಕೊಳ್ಳದವಳನ್ನು ಫೇಲು ಮಾಡುವುದು. ಕಸದವಳ ಚೀಟಿ ಬಂದರೆ ಅದರಲ್ಲಿ ಪಾಲು ಬರುತ್ತದೋ ಇಲ್ಲವೋ ಎಂದು ಅದನ್ನೂ ಫೇಲು ಮಾಡುವುದು. ಇದನ್ನೆಲ್ಲ ದೇವರ ಮುಂದೆ, ಕುಂಕುಮ ಹಚ್ಚಿಕೊಂಡು.

ಭಾರ್ಗವ ಬಂದವನು ಕುರ್ಚಿ ಎಳೆದುಕೊಂಡು ಆರಾಮಾಗಿ ಕೂತ. ಆಕೆ ಎರಡು ತುಂಡುಗಳನ್ನೂ ಮುಂದೆ ಇಟ್ಟಳು. ಅವನು ನೋಡಲೂ ಇಲ್ಲ.

"ಅಕ್ಕಾ, ಇದನ್ನ ಯಾಕ ಅಗೀತೀರಿ? ನಿಮ್ಮ ಭರತನ್ನೂ ಹಿಂಗ ತಗೊಂಡದ್ದಲ್ಲೇನ್ರಿ?"

ಭರತ ಆಕೆಯ ತಂಗಿಯ ಮಗ. ಹೊಲಿಗೆ ತರಬೇತಿ ಮುಗಿಸಿ ಅರ್ಜಿ ಹಾಕಿದಾಗ ಆಕೆ ಸಂಬಂಧ ಬರೆದುಕೊಟ್ಟು, ಆ ಫೈಲಿಗೆ ಕೈಯೇ ಹಚ್ಚದೆ ದೂರ ಉಳಿದಿದ್ದಳು. ಅದೊಂದು ವಿಷಯದಲ್ಲಿ ಒಳಗೊಳಗೇ ಹೆಮ್ಮೆಯೂ ಇತ್ತು.

"ನಾ ನಿಮಗ ಒಂದು ಮಾತೂ ಹೇಳಿರಲಿಲ್ಲ" ಎಂದಳು.

"ಹೇಳಬೇಕ? ನಮ್ಮವರ ಮನಿ ಹುಡುಗ, ತಿಳಕೊಂಡೆ. ಮೂರು ಬರಬೇಕಾಗಿತ್ತು, ಏಳು ಹಾಕಿದೆ. ನೀವೂ ತಿಳಕೋರಿ."

ಅವನು ಹೋದ ಮೇಲೆ ಪ್ರಿಯಂವದಾ ನಲ್ಲಿ ಹತ್ತಿರ ಹೋದಳು. ವಾಂತಿ ಆಗಲಿಲ್ಲ. ಆಗಿದ್ದರೆ ಹಗುರವಾಗುತ್ತಿತ್ತು. ಅವನ ಮೇಲಿನ ಹೇಸಿಗೆ ಒಂದು ತೂಕ, ಅವನು ಆಕೆಯನ್ನು ಅಷ್ಟು ಸಲೀಸಾಗಿ ತನ್ನ ಪೈಕಿ ಎಣಿಸಿದ್ದು ಇನ್ನೊಂದು ತೂಕ. ಹತ್ತು ತಿಂಗಳಿಂದ ಅವನು ನಗುನಗುತ್ತ ನಮಸ್ಕಾರ ಮಾಡುತ್ತಿದ್ದುದು ಯಾಕೆಂದು ಈಗ ತಿಳಿಯಿತು. ಆಕೆ ಅವನ ಕಣ್ಣಲ್ಲಿ ಸಾಲಗಾರ್ತಿ.

ಸಾಹೇಬರ ಮುಂದೆ ಎಲ್ಲವನ್ನೂ ಹರವಿದಳು, ಭರತನದನ್ನು ಮೊದಲು. ಯೋಜನೆಯನ್ನೇ ಬಂದ್ ಮಾಡಿಬಿಡೋಣ ಎಂದರು ಅವರು. "ಬಂದ್ ಮಾಡಿದ್ರ ಗೇಟಿನ್ಯಾಗ ಹಳೇದ ನಡೀತದ ಸಾಹೇಬ್ರ, ಹಿಡೀಲಿಕ್ಕೆ ಬರದಿಟ್ಟ ಚೀಟಿನೂ ಇರೂದಿಲ್ಲ" ಎಂದಳು. ಅವರು ಒಪ್ಪಿದರು. ಭಾರ್ಗವನನ್ನು ಪರೀಕ್ಷೆಯಿಂದ ಬಿಡಿಸಿ ಅವನ ಮೇಲೆ ವಿಚಾರಣೆ ಶುರುವಾಯಿತು. ಹಾಳೆಯ ಮೇಲೆ ಹೆಸರು ಹೋಗಿ ನಂಬರು ಬಂತು. ಯಾವ ನಂಬರು ಯಾರದೆಂಬ ಪಟ್ಟಿ ಸಾಹೇಬರ ಕಪಾಟಿನಲ್ಲಿ. ಅಂಕ ಹಾಕಲು ಇಬ್ಬರು, ಬೇರೆ ಬೇರೆಯಾಗಿ. ಬಹುಮಾನ ಪಗಾರದ ಜೊತೆ ಬ್ಯಾಂಕ್ ಖಾತೆಗೆ. ಒಬ್ಬರ ಹೆಸರಿನಲ್ಲಿ ವರ್ಷಕ್ಕೆ ನಾಲ್ಕಕ್ಕಿಂತ ಹೆಚ್ಚು ಚೀಟಿ ಬಂದರೆ ಬಂದವರನ್ನೇ ಕರೆದು ಕೇಳುವುದು. 'ಯಾರ ಕಡೆಯವರು' ಎಂದು ಗೇಟಿನಲ್ಲಿ ಕೇಳಬಾರದು ಎಂದು ವಾಚ್‌ಮನ್ ಬಸಯ್ಯನಿಗೆ ಬರೆದೇ ಕೊಟ್ಟರು. ಅವನು ಅದನ್ನು ಎರಡು ಸಲ ಓದಿ, "ಮತ್ತೇನ ಕೇಳಲಿರೀ?" ಎಂದ.

ಭಾರ್ಗವ ಫೇಲು ಮಾಡಿದ್ದವರನ್ನೆಲ್ಲ ಮತ್ತೆ ಕರೆಸಿದರು. ಅವನು ಪಾಸು ಮಾಡಿದ್ದವರಿಗೂ ಮರುಪರೀಕ್ಷೆ. ಅವರದೇನು ತಪ್ಪು, ಕೆಲಸದಿಂದ ತೆಗೆಯಲಿಲ್ಲ. ಕಮ್ಮಿ ಬಂದವರಿಗೆ ಒಂದು ತಿಂಗಳ ತರಬೇತಿ. ಭರತನಿಗೆ ಮೂರೇ ಬಂತು. ಅವನು ತರಬೇತಿಗೆ ಕೂರದೆ ಬಿಟ್ಟು ಹೋದ. ತಂಗಿ ಫೋನ್ ಮಾಡಿ, "ನಿನ್ನ ಸೊಕ್ಕಿಗೆ ನನ್ನ ಮಗಾನ ಬೇಕಾಗಿದ್ದನ?" ಎಂದು ಇಟ್ಟವಳು ಮತ್ತೆ ಮಾಡಿಲ್ಲ.

ಶೆಟ್ಟೆವ್ವ ಹೇಳಿದ್ದ ಆ ಸೋಮವಾರದ ಪರೀಕ್ಷೆಯಲ್ಲಿ ಹದಿನೇಳನೇ ನಂಬರಿನ ಕಾಲರಿಗೆ ಒಬ್ಬರು ಒಂಬತ್ತು, ಇನ್ನೊಬ್ಬರು ಎಂಟೂವರೆ ಕೊಟ್ಟರು. ಪಟ್ಟಿ ತೆರೆದಾಗ ಹದಿನೇಳು ಮಾಲಾ. ಪ್ರಿಯಂವದಾ ಆ ದಿನ ಮನೆಗೆ ಹೋಗಿ ಹೊಟ್ಟೆ ತುಂಬ ಉಂಡಳು, ಎಷ್ಟೋ ದಿನದ ಮೇಲೆ.

ಮೂರು ತಿಂಗಳಾಯಿತು. ಮಾಲಾ ಕಾಲರಿನ ಲೈನಿನಲ್ಲಿ ಕೂತು ಹಳಬರಿಗಿಂತ ಬೇಗ ಹೊಲಿಯುತ್ತಿದ್ದಳು. ಶೆಟ್ಟೆವ್ವನ ಖಾತೆಗೆ ಒಂದೂವರೆ ಸಾವಿರ ಜಮಾ ಆಯಿತು. ಮರುದಿನ ಅಮಾವಾಸ್ಯೆ. ಪೂಜೆ ಮುಗಿದ ಮೇಲೆ ಶೆಟ್ಟೆವ್ವ ಒಳಗೆ ಬಂದು ಬಾಗಿಲು ಮುಂದೆ ಮಾಡಿದಳು. ಸೆರಗಿನ ಗಂಟು ಬಿಚ್ಚಿ, ಮಡಚಿದ ನೋಟುಗಳನ್ನೂ ಒಂದು ಹೋಳು ಕಾಯಿಯನ್ನೂ ಟೇಬಲ್ ಮೇಲೆ ಇಟ್ಟಳು.

"ಏಳನೂರಾ ಐವತ್ತು ಐತ್ರಿ ಅಕ್ಕಾರ. ಬ್ಯಾಂಕಿನ್ಯಾಗ ಪಾಳಿ ಹಚ್ಚಿ ತಗಸೀನಿ."

"ಇದು ಯಾಕ ಶೆಟ್ಟೆವ್ವ?"

"ನಿಮ್ಮದ್ರಿ. ಮೊದಲ ಪರೀಕ್ಷಾ ಭಾರ್ಗವ ಸರ್ ಕೈಯಾಗ ಇತ್ತು, ಅವರಿಗೆ ಕೊಡ್ತಿದ್ರು. ಈಗ ನೀವು ಅವರನ್ನ ತಗದು ನಿಮ್ಮ ಕೈಯಾಗ ತಗೊಂಡ್ರಲ್ಲ."

ಪ್ರಿಯಂವದಾ ನೋಟುಗಳನ್ನು ಹಿಂದೆ ಸರಿಸಿದಳು. ಶೆಟ್ಟೆವ್ವನ ಮುಖ ಸಣ್ಣದಾಯಿತು.

"ಕಮ್ಮಿ ಆತೇನ್ರಿ?"

ಕುಂದಾ ಡಬ್ಬಿ ಕೊಟ್ಟವನು ಕಳ್ಳ. ಭಾರ್ಗವ ಕಳ್ಳ. ಅವರ ಮೇಲೆ ಉಗುಳಬಹುದು. ಈ ಹೆಂಗಸು ಕೃತಜ್ಞತೆಯಿಂದ ಕೊಡುತ್ತಿದ್ದಾಳೆ. ಆಕೆಗೆ ತನ್ನ ಕುರ್ಚಿಯೇ ಅಂಟಂಟು ಅನ್ನಿಸಿತು. ಎದ್ದು ತನ್ನ ಕಪಾಟಿನಿಂದ ಮಾಲಾಳ ಪರೀಕ್ಷೆಯ ಹಾಳೆ ತೆಗೆದು ತಂದಳು.

"ಇಲ್ಲೆ ನೋಡ್ರಿ. ಹೆಸರಿಲ್ಲ, ಬರೇ ಹದಿನೇಳು ಅಂತ ಅದ. ಅದು ಮಾಲಾ ಅಂತ ನನಗೂ ಗೊತ್ತಿರಲಿಲ್ಲ, ಅಂಕ ಹಾಕಿದೋರಿಗೂ ಗೊತ್ತಿರಲಿಲ್ಲ. ಆಕಿ ಚೊಲೊ ಹೊಲದಾಳ, ಬಂದಾಳ. ಯಾರಿಗೂ ಏನೂ ಕೊಡೂದು ಬ್ಯಾಡ."

ಶೆಟ್ಟೆವ್ವ ಹಾಳೆಯನ್ನು ಬಹಳ ಹೊತ್ತು ನೋಡಿದಳು. ಅಂಕಿ ಅವಳಿಗೆ ಓದಲು ಬರುತ್ತಿತ್ತು.

"ಹಂಗಾರ ಹದಿನೇಳಕ್ಕ ಪಾಸ್ ಮಾಡ್ರಿ ಅಂತ ಯಾರ ಹೇಳಿದ್ರರಿ?" ಎಂದಳು.

"ಯಾರೂ ಹೇಳಿಲ್ಲ."

"ಆತ್ ಬಿಡ್ರಿ" ಎಂದಳು ಶೆಟ್ಟೆವ್ವ. ನಂಬಿದ ದನಿ ಅದಲ್ಲ. ದೊಡ್ಡವರು ಹೇಳಲು ಇಷ್ಟಪಡದ ಮಾತನ್ನು ಹೆಚ್ಚು ಕೆದಕಬಾರದು ಎನ್ನುವ ದನಿ. ನೋಟುಗಳನ್ನು ಮತ್ತೆ ಸೆರಗಿಗೆ ಕಟ್ಟಿಕೊಂಡಳು. ಕಾಯಿಯ ಹೋಳನ್ನು ಮಾತ್ರ ಬಿಟ್ಟು, ಅದನ್ನು ಬೆರಳಿಂದ ಒಂದಿಷ್ಟು ಪ್ರಿಯಂವದಾಳ ಕಡೆಗೆ ಸರಿಸಿ ಪೊರಕೆ ಎತ್ತಿಕೊಂಡು ಹೋದಳು. ಬಹುಮಾನದ ಆರು ತಿಂಗಳ ಕಂತು ಇನ್ನೂ ಬರಬೇಕಿತ್ತು, ಸೆರಗಿನ ಗಂಟು ಮತ್ತೆ ಬಿಚ್ಚಬಹುದು.