ಖಡಕ್ ರೊಟ್ಟಿಯ ಕಾಲು ಭಾಗ

ಮಡಚಬೇಕಾದ ಕಡೆ ಮುರಿಯುವ ರೊಟ್ಟಿ ಒಯ್ದ ಮೂರ್ಖ ಇಡೀ ಗದಗ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು. ಜೋಳದ ಹೊಲದ ನಡುವೆ ಹುಟ್ಟಿ, ಇಪ್ಪತ್ತನಾಲ್ಕು ವರ್ಷ ದಿನಕ್ಕೆರಡು ಹೊತ್ತು ರೊಟ್ಟಿ ತಿಂದು ಬೆಳೆದವನಿಗೆ, ಖಡಕ್ ರೊಟ್ಟಿ ಮಡಚಲು ಬರುವುದಿಲ್ಲ ಎಂಬುದು ನೌಕರಿಯ ಸಂದರ್ಶನದಲ್ಲಿ ನಿಂತಾಗ ಗೊತ್ತಾಯಿತು.

ಅದು ಬೆಟಗೇರಿಯ ಒಂದು ಖಾಸಗಿ ಪ್ರಾಥಮಿಕ ಶಾಲೆ. ಗಣಿತದ ಶಿಕ್ಷಕರು ಬೇಕಾಗಿದ್ದರು. ನನಗೆ ಅದು ನಾಲ್ಕನೇ ಸಂದರ್ಶನ. ಮೊದಲ ಮೂರರಲ್ಲಿ ಏನಾಯಿತೆಂದು ಹೇಳಿದರೆ ಬಿ.ಎಡ್. ಕಾಲೇಜಿನವರು ನನ್ನ ಪದವಿ ವಾಪಸ್ ಕೇಳಿಯಾರು. ಅಪ್ಪ ಒಂದೇ ಮಾತು ಹೇಳಿದ್ದ: "ಇದೂ ಆಗ್ಲಿಲ್ಲಂದ್ರ ಸುಮ್ನ ಶಿರಹಟ್ಟಿಗೆ ಹೋಗಿ ನಿಮ್ಮ ಮಾವನ ಗೊಬ್ಬರದ ಅಂಗಡ್ಯಾಗ ಕುಂಡ್ರು." ಗೊಬ್ಬರದ ಅಂಗಡಿಯ ಬಗ್ಗೆ ನನಗೆ ತಕರಾರಿರಲಿಲ್ಲ. ಆದರೆ ಆ ಮಾವನ ಮಾತು ಕೇಳುತ್ತ ಕೂರುವುದಕ್ಕಿಂತ ಚೀಲದೊಳಗೆ ಹೊಕ್ಕು ಕೂರುವುದು ಮೇಲು.

ಕರೆಪತ್ರದಲ್ಲಿ ಸ್ಪಷ್ಟವಾಗಿತ್ತು. ಮೊದಲು ಐದು ನಿಮಿಷ ಸ್ವಪರಿಚಯ. ಅದರ ಕೊನೆಗೆ ಯಾವ ತರಗತಿಗೆ, ಯಾವ ಪಾಠ, ಯಾವ ಉಪಕರಣ ಬಳಸಿ ಕಲಿಸುತ್ತೀರಿ, ಮಕ್ಕಳು ಏನು ಕಲಿಯುತ್ತಾರೆ ಎಂಬುದನ್ನೂ ಹೇಳಬೇಕು. ಆಮೇಲೆ ಮಕ್ಕಳ ಮುಂದೆ ಹತ್ತು ನಿಮಿಷದ ಪಾಠ. ನಾನು ಐದನೇ ತರಗತಿಯ ಭಿನ್ನರಾಶಿ ಆರಿಸಿಕೊಂಡೆ. ಉಪಕರಣ ರೊಟ್ಟಿ. ಬೆಳ್ಳಟ್ಟಿಯ ನಮ್ಮ ಅಡುಗೆಮನೆಯಲ್ಲಿ ಅವ್ವ ಹಂಚಿನಿಂದ ಇಳಿಸಿದ ಬಿಸಿ ರೊಟ್ಟಿ ಹಿಡಿದು ವಾರಪೂರ್ತಿ ತಾಲೀಮು ನಡೆಸಿದೆ. ಒಮ್ಮೆ ಮಡಚಿದರೆ ಅರ್ಧ, ಮತ್ತೊಮ್ಮೆ ಮಡಚಿದರೆ ಕಾಲು. ಮಡಿಕೆಯ ಗುಂಟ ಹರಿದರೆ ನಾಲ್ಕೂ ತುಂಡು ಅಚ್ಚುಕಟ್ಟು. ಹರಿದದ್ದೆಲ್ಲ ತಿಂದು ಎರಡು ಕೆಜಿ ದಪ್ಪವಾದೆ. ಅವ್ವ, "ಲೇ, ನೀ ಪಾಠ ಕಲಿಯಾಕತ್ತೀಯೋ ಊಟ ಕಲಿಯಾಕತ್ತೀಯೋ?" ಎಂದಳು.

ಆ ಬೆಳಿಗ್ಗೆ ಅವ್ವ ಮೆತ್ತನೆಯ ರೊಟ್ಟಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದಳು. ನನ್ನ ಕಣ್ಣು ಬುಟ್ಟಿಯಲ್ಲಿ ಒಟ್ಟಿದ್ದ ಖಡಕ್ ರೊಟ್ಟಿಗಳ ಮೇಲೆ ಬಿತ್ತು. ಆಹಾ, ಏನು ಗುಂಡಗೆ! ಕೈವಾರದಲ್ಲಿ ಎಳೆದಂತಿದ್ದವು. ಎತ್ತಿ ಹಿಡಿದರೆ ಕೊನೆಯ ಬೆಂಚಿನವನಿಗೂ ಕಾಣಬೇಕು. ಅವ್ವನ ಕಣ್ಣು ತಪ್ಪಿಸಿ ಮೆತ್ತನೆಯದನ್ನು ಅಲ್ಲೇ ಬಿಟ್ಟು ಖಡಕ್ ರೊಟ್ಟಿ ನಾಲ್ಕು ಡಬ್ಬಿಗೆ ಹಾಕಿಕೊಂಡೆ. ತುಂಬಿದ ಬಸ್ಸಿನಲ್ಲಿ ಗದಗಿನವರೆಗೆ ಕೂಸನ್ನು ಎತ್ತಿಕೊಂಡಂತೆ ಎದೆಗವಚಿಕೊಂಡು ನಿಂತೆ. ಪಕ್ಕದ ಅಜ್ಜಿಯೊಬ್ಬಳು, "ಸಾವಕಾಶ ತಮ್ಮಾ, ಅದರಾಗೇನು ಬಂಗಾರ ಐತೇನು?" ಎಂದಳು. "ನೌಕರಿ ಐತ್ರೀ ಅಜ್ಜಿ," ಎಂದೆ.

ಶಾಲೆಯ ಓಣಿಯಲ್ಲಿ ಮಗ್ಗಗಳ ಸದ್ದು. ಒಳಗೆ ಮೇಜಿನ ಆಚೆ ಮೂವರು ಕೂತಿದ್ದರು: ಆಡಳಿತ ಮಂಡಳಿಯ ಅಧ್ಯಕ್ಷರು, ಬೇರೆ ಶಾಲೆಯಿಂದ ಬಂದ ಹಿರಿಯ ಗಣಿತ ಮೇಷ್ಟ್ರು, ಮತ್ತು ಎಲ್ಲರೂ 'ಬಾಯಾರು' ಎಂದು ಕರೆಯುವ ಮುಖ್ಯೋಪಾಧ್ಯಾಯಿನಿ. ಬಾಯಿಪಾಠ ಮಾಡಿದ ಪರಿಚಯವನ್ನು ನಾನು ಒಂದೇ ಉಸಿರಿಗೆ ಹರಿಬಿಟ್ಟೆ. ಊರು, ಓದು, ತಾಳ್ಮೆ, ಮಕ್ಕಳ ಮೇಲಿನ ಪ್ರೀತಿ, ಸಮಯಪಾಲನೆ. ನನ್ನನ್ನು ನಾನೇ ಅಷ್ಟು ಹೊಗಳಿಕೊಂಡದ್ದು ಅದೇ ಮೊದಲು. ನನಗೇ ನನ್ನ ಮೇಲೆ ಗೌರವ ಹುಟ್ಟಿತು.

"ಪಾಠದಾಗ ಏನ್ ಮಾಡ್ತೀರಿ, ಅದನ್ನ ಹೇಳ್ರಿ," ಎಂದರು ಬಾಯಾರು.

"ರೊಟ್ಟಿಯನ್ನು ನಾಲ್ಕು ಸಮಭಾಗ ಮಾಡಿ ಕಾಲು ಭಾಗ ಎಂದರೇನು ಅಂತ ತೋರಿಸ್ತೀನಿ ಮೇಡಂ. ಕೊನೆಗೆ ಮಕ್ಕಳೇ ಗುರುತಿಸ್ತಾರೆ. ಒಂದು ಚೂರೂ ಹೆಚ್ಚುಕಮ್ಮಿ ಆಗೋದಿಲ್ಲ."

ಆ ಕೊನೆಯ ವಾಕ್ಯ ತಾಲೀಮಿನಲ್ಲಿ ಇರಲಿಲ್ಲ. ಬಾಯಿ ತಾನಾಗಿ ಆಡಿತು. ಬಾಯಾರು ಅದನ್ನು ಹಾಳೆಯ ಮೇಲೆ ಬರೆದುಕೊಂಡು, "ಈಗ ಹೇಳಿದ್ದು ತರಗತ್ಯಾಗ ಎಷ್ಟು ಆಗ್ತೈತಿ ಅಂತ ನೋಡ್ತೀವಿ. ನಡೀರಿ," ಎಂದರು.

ಐದನೇ ತರಗತಿಯಲ್ಲಿ ಮೂವತ್ತು ಮಕ್ಕಳು. ಹಿಂದಿನ ಬೆಂಚಿನಲ್ಲಿ ಮೂವರು ಪರೀಕ್ಷಕರು, ಕೈಯಲ್ಲಿ ಅಂಕದ ಹಾಳೆ. ನಾನು ಹಲಗೆಯ ಮೇಲೆ ಒಂದು ವೃತ್ತ ಎಳೆದು, ರೊಟ್ಟಿಯನ್ನು ಎತ್ತಿ ತೋರಿಸಿ, "ನೋಡಿ ಮಕ್ಕಳೇ, ಇದನ್ನ ಈಗ ಅರ್ಧಕ್ಕೆ ಮಡಚ್ತೀನಿ," ಎಂದೆ.

ಫಟ್!

ಒಂದು ತುಂಡು ಹಾರಿ ಮುಂದಿನ ಬೆಂಚಿಗೆ ಹೋಯಿತು. ಇನ್ನೊಂದು ಅಧ್ಯಕ್ಷರ ಮಡಿಲು ಸೇರಿತು ಎಂದು ನಾನು ಗೆಳೆಯರಿಗೆ ಹೇಳುತ್ತ ಬಂದಿದ್ದೇನೆ. ಖರೆ ಹೇಳಬೇಕೆಂದರೆ ಅದು ನನ್ನ ಕಾಲ ಹತ್ತಿರವೇ ಬಿತ್ತು. ಎರಡನೇ ರೊಟ್ಟಿ ಬೆರಳಿಟ್ಟೊಡನೆ ಹೋಯಿತು. ಮೂರನೆಯದು ಬಸ್ಸಿನಲ್ಲೇ ಪ್ರಾಣ ಬಿಟ್ಟಿತ್ತು. ತರಗತಿಗೆ ತರಗತಿಯೇ ನಗುತ್ತಿತ್ತು. ಕಣ್ಣ ಮುಂದೆ ಗೊಬ್ಬರದ ಚೀಲಗಳು ಸಾಲಾಗಿ ನಿಂತವು.

ನಾಲ್ಕನೆಯದನ್ನು ಉಸಿರು ಹಿಡಿದು ಮುರಿದೆ. ದೇವರ ದಯೆ, ಲೆಕ್ಕಕ್ಕೆ ನಾಲ್ಕೇ ತುಂಡು. ಒಂದು ಅಂಗೈಯಷ್ಟು, ಒಂದು ಬೆರಳಷ್ಟು, ಉಳಿದೆರಡು ಇವುಗಳ ನಡುವಿನ ಅಳತೆಯವು. ದೊಡ್ಡದನ್ನು ಎತ್ತಿ ಹಿಡಿದು, ಹಲ್ಲು ಕಿರಿದು ಕೇಳಿದೆ: "ಇದು ಕಾಲು ಭಾಗ, ಹೌದಿಲ್ಲೋ?"

ಬಿ.ಎಡ್.ನಲ್ಲಿ ಅಭ್ಯಾಸ ಪಾಠ ಮಾಡುವಾಗ ನಾವು ಹಿಂದಿನ ದಿನವೇ ಮಕ್ಕಳಿಗೆ ಉತ್ತರ ಹೇಳಿಕೊಟ್ಟಿರುತ್ತಿದ್ದೆವು. ನಾವು "ಹೌದಿಲ್ಲೋ" ಎಂದರೆ ಅವರು "ಹೌದ್ರೀ ಸರ್" ಎನ್ನಬೇಕು. ಈ ಮಕ್ಕಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಎರಡು ಜಡೆಯ ಹುಡುಗಿಯೊಬ್ಬಳು ಎದ್ದು ನಿಂತಳು.

"ಅಲ್ರೀ ಸರ್."

"ಯಾಕಲ್ಲ? ನಾಕು ತುಂಡ ಅದಾವಲ್ಲ?"

"ಸಮಾ ಇಲ್ರೀ. ಅದು ಸಿಕ್ಕಾವ್ನ ಹೊಟ್ಟಿ ತುಂಬ್ತೈತಿ, ಆ ಸಣ್ಣದು ಸಿಕ್ಕಾವ ಅಳ್ತಾನ್ರೀ."

ಮತ್ತೆ ನಗು. "ಕುಂಡ್ರವ್ವಾ" ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಹಿಂದೆ ಮೂರು ಪೆನ್ನುಗಳು ಬರೆಯುತ್ತಿದ್ದವು. ಆದರೆ ಅವಳು ಹೇಳಿದ್ದು ಸರಿ. ನನ್ನ ಪಾಠ ಯೋಜನೆಯಲ್ಲಿ ಮೂರು ಪುಟ ಬರೆದದ್ದನ್ನು ಅವಳು ಒಂದು ಮಾತಿನಲ್ಲಿ ಮುಗಿಸಿದ್ದಳು.

"ಹೌದವ್ವಾ, ನಂದ ತಪ್ಪು," ಎಂದೆ. "ಹಂಗಾದ್ರ ಯಾರೂ ಅಳದಂಗ ನೀ ಮಾಡಿ ತೋರಸು ಬಾ."

ಅವಳು ನೋಟುಬುಕ್ಕಿನ ಹಾಳೆ ಹರಿದು, ನನ್ನ ಡಬ್ಬಿಯ ಮುಚ್ಚಳ ಇಟ್ಟು ಗೆರೆ ಎಳೆದು, ಕತ್ತರಿಸಿ, ಎರಡು ಸಲ ಮಡಚಿ ಬಿಚ್ಚಿದಳು. ನಾಲ್ಕು ಭಾಗ, ಒಂದರ ಮೇಲೊಂದು ಇಟ್ಟರೆ ಕೂಡಿ ಬರುವಂಥವು. ಆ ಹಾಳೆಯನ್ನೇ ಹಲಗೆಗೆ ಒತ್ತಿ ಹಿಡಿದು ಪಕ್ಕದಲ್ಲಿ ೧/೪ ಬರೆದೆ. ಕೆಳಗಿನ ನಾಲ್ಕು, ಇಡಿಯನ್ನು ಎಷ್ಟು ಸಮಭಾಗ ಮಾಡಿದೆವು ಎಂದು ಹೇಳುತ್ತದೆ, ಅದು ಛೇದ. ಮೇಲಿನ ಒಂದು, ಅದರಲ್ಲಿ ಎಷ್ಟು ತೆಗೆದುಕೊಂಡೆವು ಎಂದು ಹೇಳುತ್ತದೆ, ಅದು ಅಂಶ. ಕೊನೆಗೆ ಮುರಿದ ರೊಟ್ಟಿಯ ಚಿತ್ರ ಒಂದು, ಮಡಚಿದ ಹಾಳೆಯ ಚಿತ್ರ ಒಂದು ಬರೆದು ಕಾಲು ಭಾಗ ಯಾವುದೆಂದು ಕೇಳಿದೆ. ಮೂವತ್ತೂ ಬೆರಳು ಹಾಳೆಯ ಕಡೆ ತಿರುಗಿದವು. ಹಿರಿಯ ಮೇಷ್ಟ್ರು ಗಡಿಯಾರ ನೋಡಿ, "ಟೈಮ್ ಆತ್ರಿ," ಎಂದರು. ನಾನು ಕಸಬರಿಗೆ ಕೇಳಿ ಇಸಿದುಕೊಂಡು ಚೂರು ಗುಡಿಸಿ ಹೊರಬಂದೆ.

ಇಷ್ಟು ವರ್ಷಗಳ ಮೇಲೆ ಈಗ ಆ ತರಗತಿಗೆ ಹೊಸ ಹಲಗೆ ಬಂದಿದೆ, ಬೆಂಚುಗಳು ಬದಲಾಗಿವೆ. ಎರಡು ಜಡೆಯ ಹುಡುಗಿ ಗದಗಿನ ಕಾಲೇಜಿಗೆ ಹೋಗುತ್ತಾಳೆ. ಬಸ್ ನಿಲ್ದಾಣದಲ್ಲಿ ಕಂಡರೆ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಾಳೆ. ಪ್ರತಿ ವರ್ಷ ಭಿನ್ನರಾಶಿ ಬಂದಾಗ ಆ ಹಳೆಯ ಕೋಣೆ, ಓಣಿಯ ಮಗ್ಗದ ಸದ್ದು, ಕಾಲಡಿ ಕರಕರ ಎಂದ ರೊಟ್ಟಿ, ಎಲ್ಲ ಒಟ್ಟಿಗೆ ನೆನಪಾಗುತ್ತವೆ. ಆ ಹತ್ತು ನಿಮಿಷದಷ್ಟು ಹೆದರಿಕೆ ಆಮೇಲೆ ಎಂದೂ ಆಗಿಲ್ಲ. ಅಷ್ಟು ಚಲೋ ಪಾಠವೂ ಆಗಿಲ್ಲವೇನೋ.

ಅಂದು ಸಂದರ್ಶನ ಮುಗಿದು ವಾರದ ನಂತರ ನೌಕರಿಗೆ ಹಾಜರಾಗಲು ಹೋದಾಗ ಬಾಯಾರು ನನ್ನ ಸಹಿ ಹಾಕಿಸಿಕೊಂಡು ಕನ್ನಡಕ ತೆಗೆದರು.

"ನಿಮ್ಮ ಪರಿಚಯ ಕೇಳಿ ನಾನು 'ಬ್ಯಾಡ' ಅಂತ ಬರದಿದ್ನಿ," ಎಂದರು. "ಬಾಳ ಶಾಣ್ಯಾ ಅದಾನ, ಈ ಹುಡುಗೋರ ಮಾತು ಕೇಳಂಗಿಲ್ಲ ಅನಿಸ್ತು. ಆ ಹುಡುಗಿ ಎದ್ದು 'ಅಲ್ಲ' ಅಂದಾಗ ನೀವು ಆಕೀನ ಕುಂಡ್ರಸ್ತೀರಿ ಅಂತ ಕಾಯಾಕತ್ತಿದ್ನಿ. ಕುಂಡ್ರಸ್ಲಿಲ್ಲ. ಆವಾಗ ಆ 'ಬ್ಯಾಡ' ಹೊಡದು ಹಾಕಿದ್ನಿ."