ಬಿಟ್ಟುಹೋದ ಒಪ್ಪಿಗೆ

ಇಪ್ಪತ್ತೆರಡು ವರ್ಷದಿಂದ ಅವಳು ಫ್ರೆಂಚ್ ಕಾಗದಪತ್ರಗಳನ್ನು ಇಂಗ್ಲಿಷಿಗೆ ಅನುವಾದಿಸುತ್ತಿದ್ದಾಳೆ. "ಮೇಡಂ ಮಾಡಿದ್ರೆ ಇನ್ನೊಬ್ರು ನೋಡೋದೇ ಬೇಡ" ಎಂದು ಏಜೆನ್ಸಿಯ ಮ್ಯಾನೇಜರ್ ಹೇಳುತ್ತಿದ್ದ. ಕೇಳಿ ಉಬ್ಬುತ್ತಿದ್ದಳು.

ಮೂರು ವರ್ಷದ ಹಿಂದೆ, ಬಟ್ಟೆ ಮಡಚುತ್ತಿದ್ದಾಗ ಒಂದು ಫೋನ್ ಬಂತು. ಅಪರಿಚಿತ ಹೆಂಗಸು.

"ಫ್ರಾನ್ಸಿನ ನನ್ನ ಕೆಲಸದ ಕರಾರು ಅನುವಾದ ಮಾಡಿದ್ದು ನೀವೇ ಅಲ್ವಾ? ಕೆಳಗಡೆ ನಿಮ್ಮ ಸೀಲು, ನಂಬರು ಇದೆ."

ಮೂಲದಲ್ಲಿ ಪ್ರೊಬೇಷನ್ ನಾಲ್ಕು ತಿಂಗಳು ಎಂದಿತ್ತು. ಅದು ಮುಗಿಯುವ ಮೊದಲೇ ನೌಕರರು ಬರಹದಲ್ಲಿ ಒಪ್ಪಿದರೆ ಒಮ್ಮೆ ಮುಂದುವರಿಸಬಹುದಿತ್ತು. ಇವಳ ಇಂಗ್ಲಿಷಿನಲ್ಲಿ ಅದು 'ಒಮ್ಮೆ ಮುಂದುವರಿಯುತ್ತದೆ' ಎಂದಾಗಿತ್ತು. ಒಪ್ಪಿಗೆಯ ಮಾತೇ ಹಾರಿಹೋಗಿತ್ತು. ಪ್ರೊಬೇಷನ್ನಿನಲ್ಲಿ ಕೊಡುವ ಮುನ್ಸೂಚನೆಗೂ ಕಾಯಂ ಆದಮೇಲಿನ ನೋಟಿಸಿಗೂ ಫ್ರೆಂಚಿನಲ್ಲಿ ಬೇರೆಬೇರೆ ಪದಗಳಿವೆ; ಇವಳು ಎರಡಕ್ಕೂ ಒಂದೇ ಪದ ಹಾಕಿದ್ದಳು.

ಫ್ರೆಂಚ್ ಬಾರದ ಆ ಹೆಂಗಸು ಇಂಗ್ಲಿಷನ್ನೇ ನಂಬಿದ್ದಳು. ಆರನೇ ತಿಂಗಳಲ್ಲಿ ಕಂಪನಿಯವರು "ಪ್ರೊಬೇಷನ್ ಮುಗಿಸ್ತಿದ್ದೀವಿ, ಇನ್ನೊಂದು ತಿಂಗಳಿಗೆ ಹೊರಡಿ" ಎಂದಾಗ ತುಟಿಪಿಟಕ್ಕೆನ್ನದೆ ಹೊರಟಳು. ಯಾವ ಒಪ್ಪಿಗೆಗೂ ಸಹಿ ಹಾಕಿರಲಿಲ್ಲ. ಅಂದರೆ ನಾಲ್ಕು ತಿಂಗಳಿಗೇ ಕೆಲಸ ಕಾಯಂ ಆಗಿತ್ತು; ಕಾರಣ ಹೇಳದೆ ತೆಗೆಯುವಂತಿರಲಿಲ್ಲ, ಕರಾರಿನ ಪ್ರಕಾರ ನೋಟಿಸೂ ಮೂರು ತಿಂಗಳಿನದು.

"ಮೂಲ ಓದಿ ವಕೀಲರು ಹೇಳಿದ್ಮೇಲೆ ಗೊತ್ತಾಯ್ತು. ಹನ್ನೆರಡು ತಿಂಗಳೊಳಗೆ ಕೇಸ್ ಹಾಕ್ಬೇಕಿತ್ತಂತೆ. ದಾಟಿಹೋಯ್ತು," ಎಂದಳು ಹೆಂಗಸು. "ಬೈಯೋಕೆ ಫೋನ್ ಮಾಡಿಲ್ಲ. ಬೇರೆ ಯಾರಿಗಾದ್ರೂ ಹೀಗಾಗಿದ್ಯಾ ಅಂತ ಕೇಳೋಣ ಅಂತ."

ಇವಳು ಮಡಚಿಟ್ಟ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಚಿದಳು. ಅತ್ತಲಿಂದ ಫೋನ್ ಕಟ್ಟಾಯಿತು.

ಏಜೆನ್ಸಿಗೆ ಆವತ್ತೇ ಹೇಳಬೇಕಿತ್ತು. ಹೇಳಲಿಲ್ಲ, ಮುಖ ಉಳಿಸಿಕೊಂಡಳು. ಆಮೇಲೆ ಬಸ್ಸಿನಲ್ಲಿ, ಬ್ಯಾಂಕಿನ ಸಾಲಿನಲ್ಲಿ, ಯಾವ ಹೆಂಗಸು ಹಿಂದಿನಿಂದ ಮಾತಾಡಿದರೂ ಅವಳೇನೋ ಎಂದು ತಿರುಗಿ ನೋಡುತ್ತಿದ್ದಳು. "ಅದನ್ನ ಬಿಟ್ಟಾಕು ಕಣೇ" ಎಂದು ಗಂಡ ಹೇಳಿ ಹೇಳಿ ಸುಸ್ತಾದ.

ಆ ಫೋನಿನ ಮೇಲೆ ಕೆಲಸದ ಕರಾರುಗಳನ್ನು ಅವಳು ಮುಟ್ಟಿರಲಿಲ್ಲ; ಕಳೆದ ತಿಂಗಳು ಒಂದು ಬೆಳಗ್ಗೆ ಹೊಸದೊಂದನ್ನು ತೆರೆದಳು. ಹಳೆಯ ಅನುವಾದಗಳನ್ನು ನೆನಪಿಟ್ಟುಕೊಳ್ಳುವ ಏಜೆನ್ಸಿಯ ಸಾಫ್ಟ್‌ವೇರ್, ಪ್ರೊಬೇಷನ್ ಸಾಲಿನ ಪಕ್ಕದಲ್ಲಿ ತಾನಾಗಿಯೇ ಒಂದು ವಾಕ್ಯ ತಂದಿಟ್ಟಿತು: ಒಮ್ಮೆ ಮುಂದುವರಿಯುತ್ತದೆ. ಅವಳದೇ ವಾಕ್ಯ. ನೂರಕ್ಕೆ ನೂರು ಹೊಂದಿಕೆ. ಸತ್ತಿತೆಂದುಕೊಂಡ ತಪ್ಪು ಇಷ್ಟು ದಿನ ಊಟ ಮಾಡಿಕೊಂಡು ಓಡಾಡುತ್ತಿತ್ತು.

ಮ್ಯಾನೇಜರನಿಗೆ ಫೋನ್ ಹಚ್ಚಿದಳು. "ಈ ವಾಕ್ಯ ಎಷ್ಟು ಕರಾರಿಗೆ ಹೋಗಿದೆ ನೋಡಿ."

"ಹದಿನೇಳು, ಮೇಡಂ. ಬೇರೆ ಅನುವಾದಕರೂ ಇದನ್ನೇ ಹಾಕ್ತಿದ್ದಾರೆ. ಯಾಕೆ?"

ಎಲ್ಲವನ್ನೂ ಹೇಳಿದಳು. "ಹದಿನೇಳು ಜನಕ್ಕೂ ತಿಳಿಸ್ಬೇಕು."

"ನಮ್ಮ ಹೆಸರು ಮಣ್ಣುಪಾಲಾಗುತ್ತೆ!"

"ತಪ್ಪು ನನ್ನದು ಅಂತ ನನ್ನ ಹೆಸರಲ್ಲೇ ಬರೀತೀನಿ. ನೀವು ಕಳಿಸಿ ಸಾಕು."

ಅವನು ಗೊಣಗುತ್ತಲೇ ಕಳಿಸಿದ. ಒಬ್ಬನಿಂದ ಉತ್ತರ ಬಂತು: ಐದನೇ ತಿಂಗಳಲ್ಲಿ ತೆಗೆದಿದ್ದಾರೆ, ಇನ್ನೂ ಗಡುವಿದೆ, ವಕೀಲರನ್ನು ನೋಡಿದ್ದೇನೆ. ಉಳಿದವರು ಸುಮ್ಮನಿದ್ದರು. ಆ ಹೆಂಗಸಿನ ನಂಬರಿಗೂ ಫೋನ್ ಮಾಡಿದಳು, ಅದು ಚಾಲ್ತಿಯಲ್ಲಿರಲಿಲ್ಲ.

ಏಜೆನ್ಸಿಯಿಂದ ಈಗ ಕೆಲಸ ಬರುವುದು ಅಪರೂಪ. ಬಂದದ್ದನ್ನು ಅವಳು ಗಟ್ಟಿಯಾಗಿ ಓದುತ್ತಾಳೆ, ಮೂಲದ ಒಂದೊಂದು ಪದಕ್ಕೂ ಪೆನ್ಸಿಲ್ ತಾಗಿಸುತ್ತಾ.