ಹನ್ನೊಂದಕ್ಕೆ ಒಬ್ಬರು, ಮೂರಕ್ಕೆ ಒಬ್ಬರು

ಧಾರವಾಡದಿಂದ ಬರಬೇಕಾದ, ಸಮಿತಿಯ ಹೊರಗಿನ ಸದಸ್ಯೆಯ ಬಸ್ಸು ಹಳಿಯಾಳದಲ್ಲಿ ಕೆಟ್ಟು ನಿಲ್ಲಬಹುದಿತ್ತು. ಗೆಸ್ಟ್‌ಹೌಸಿನ ಅಡುಗೆಯವ ಬಾಗಿಲಿಗೆ ಕಿವಿಯಿಡಬಹುದಿತ್ತು. ಲಕೋಟೆಗಳು ಅದಲುಬದಲಾಗಬಹುದಿತ್ತು. ಕರೆಸಿದ ಇಬ್ಬರೂ ಮೆಟ್ಟಿಲ ಮೇಲೆ ಎದುರಾಗಬಹುದಿತ್ತು. ನನ್ನ ನಾಲಿಗೆ ಜಾರಬಹುದಿತ್ತು. ಅದಂತೂ ಖಾತ್ರಿ ಅಂದುಕೊಂಡಿದ್ದೆ.

ನಾನಾಗ ದಾಂಡೇಲಿಯ ಒಂದು ರಟ್ಟಿನ ಪೆಟ್ಟಿಗೆ ಕಾರ್ಖಾನೆಯ ಸಿಬ್ಬಂದಿ ವಿಭಾಗದಲ್ಲಿದ್ದೆ. ಸುಪ್ರೀಂ ಕೋರ್ಟು ಹೇಳಿ ಕೆಲವು ವರ್ಷಗಳಾದ ಮೇಲೆ ನಮ್ಮಲ್ಲೂ ಹೆಣ್ಣುಮಕ್ಕಳ ದೂರು ಸಮಿತಿ ಆಯಿತು. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಮನೆಗೆ ಓಡುವ ನನ್ನನ್ನೇ ಅದರ ಕಾರ್ಯದರ್ಶಿ ಮಾಡಿದರು. ಮೊದಲ ದೂರು ಪ್ಯಾಕಿಂಗಿನ ಹೆಣ್ಣುಮಗಳೊಬ್ಬಳದು, ತನ್ನ ಶಿಫ್ಟ್ ಸೂಪರ್‌ವೈಸರ್ ಮೇಲೆ.

ಇಬ್ಬರಿಗೂ ಒಂದೇ ಮಾತು ಹೇಳಬೇಕೆಂದು ಚೀಟಿಯಲ್ಲಿ ಬರೆದುಕೊಂಡೆ. 'ನೊಂದವರು', 'ಆರೋಪಿ' ಎರಡನ್ನೂ ಹೊಡೆದುಹಾಕಿದೆ.

ಅವಳನ್ನು ಪ್ರಥಮ ಚಿಕಿತ್ಸೆಯ ಕೋಣೆಗೆ ಕರೆದೆ. "ಬುಧವಾರ ಹನ್ನೊಂದಕ್ಕ ಗೆಸ್ಟ್‌ಹೌಸಿಗೆ ಬರ್ರಿ. ಅರ್ಜಿ ಬಗ್ಗೆ ಸಮಿತಿ ನಿಮ್ಮ ಮಾತು ಕೇಳ್ತೈತಿ. ಯಾರ ಮುಂದೂ ಹೇಳಬ್ಯಾಡ್ರಿ, ನಾವೂ ಹೇಳೂದಿಲ್ಲ."

"ನೀವು ನನ್ನ ನಂಬೀರಿ ಹೌದಲ್ರೀ ಅಕ್ಕಾರ?"

ಚೀಟಿಯಲ್ಲಿ ಅದಕ್ಕೆ ಉತ್ತರವಿರಲಿಲ್ಲ. "ಇಬ್ಬರದೂ ಕೇಳ್ತೀವಿ," ಅಂದೆ.

ಅವಳು ಸೆರಗಿನ ತುದಿ ಹಿಂಡಿದಳು. "ಮೈದುನ ಇಲ್ಲೇ ಕಟಿಂಗಿನ್ಯಾಗ ಅದಾನ್ರಿ. ಅವಗ ಸುಳಿವು ಹತ್ತಿದ್ರ ಅತ್ತಿ ನಾಳಿಂದನ ಕೆಲಸಾ ಬಿಡಸ್ತಾಳ."

"ಹತ್ತೂದಿಲ್ಲ," ಎಂದು ಮಾತು ಕೊಟ್ಟೆ.

ಸೂಪರ್‌ವೈಸರ್‌ಗೆ ಫೋನ್ ಮಾಡಿದೆ. ಅದೇ ಮಾತು, ಹನ್ನೊಂದರ ಬದಲು ಮೂರು.

"ಆರೋಪದ ವಿಚಾರಣಿ ಅನ್ರಿ, ಯಾಕ ಸುತ್ತಬಳಸಿ ಮಾತಾಡ್ತೀರಿ?"

"ಅರ್ಜಿ ಅಷ್ಟ ರೀ ಸರ್. ಅದರ ಪ್ರತಿ ನಿಮಗ ಮುಟ್ಟೈತಿ. ಯಾರ ಮುಂದೂ ಹೇಳಬ್ಯಾಡ್ರಿ."

ಅವನು ನಕ್ಕ. "ನಾ ಯಾಕ ಹೇಳ್ಲಿ ಬಾಯಾರ? ದಾಂಡೇಲಿ ಎಷ್ಟರ ಊರೈತಿ? ನೀವು ಬಂಗೂರನಗರದಾಗ ಇರ್ತೀರಲ್ಲ, ಮೂಲಿಮನಿ?"

ಹೌದು ಅಂದೆ. ರಿಸೀವರ್ ಇಟ್ಟ ಮೇಲೆ, ಹೌದು ಅನ್ನಬೇಕಿರಲಿಲ್ಲ ಅನ್ನಿಸಿತು.

ಬುಧವಾರ ಬಸ್ಸು ಹತ್ತು ನಿಮಿಷ ಮೊದಲೇ ಬಂತು. ಅಡುಗೆಯವ ಚಹಾ ಇಟ್ಟು ಹೋದ. ಅವಳು ಎರಡು ತಾಸು ಮಾತಾಡಿ ಹಿಂದಿನ ಬಾಗಿಲಿಂದ ಹೋದಳು. ಮೂರಕ್ಕೆ ಅವನು ಬಂದ, ಇಸ್ತ್ರಿ ಮಾಡಿದ ಅಂಗಿಯಲ್ಲಿ. ನನ್ನ ನಾಲಿಗೆ ಜಾರಲಿಲ್ಲ. ಆ ರಾತ್ರಿ ಎಷ್ಟೋ ದಿನದ ಮೇಲೆ ನಿದ್ದೆ ಬಂತು.

ಗುಟ್ಟಿನ ಭರದಲ್ಲಿ, ಹಾಜರಿ ನೋಡುವ ಟೈಮ್ ಆಫೀಸಿಗೂ ನಾನು ಏನೂ ಹೇಳಿರಲಿಲ್ಲ. 'ಕಚೇರಿ ಕೆಲಸದ ಮೇಲೆ' ಎಂದು ಒಂದು ಸಾಲಿನ ಚೀಟಿ ಕಳಿಸಿದ್ದರೆ ಸಾಕಿತ್ತು. ಅವನಂಥ ಅಧಿಕಾರಿಗಳಿಗೆ ಹಾಜರಿ ಪುಸ್ತಕವಿಲ್ಲ, ಅವಳಿಗಿತ್ತು. ಅದನ್ನು ತುಂಬುವವನು ಅವನೇ, ಶಿಫ್ಟ್ ಸೂಪರ್‌ವೈಸರ್.

ಅವಳಿಗೆ ಗೈರುಹಾಜರಿ ಯಾಕೆ ಹಾಕಿದಿರಿ ಎಂದು ಗುರುವಾರ ಅವನನ್ನು ಕೇಳಿದೆ. "ಎಲ್ಲಿ ಹೋಗಿದ್ಲು ಅಂತ ನಾ ಹೆಂಗ ಬರೀಲ್ರಿ? ಯಾರಿಗೂ ಹೇಳಬ್ಯಾಡ್ರಿ ಅಂದವ್ರು ನೀವ."

ಅಷ್ಟರಲ್ಲಿ ಗೇಟಿನ ಬೋರ್ಡಿಗೆ ಗೈರುಹಾಜರಿ ಪಟ್ಟಿ ಹಚ್ಚಿಯಾಗಿತ್ತು. ಒಂದೇ ಹೆಸರು, ಅವಳದು; ಬುಧವಾರ, ಅರ್ಧ ದಿನ. ಅದರ ಮುಂದೆ ಕಟಿಂಗಿನ ಹುಡುಗನೊಬ್ಬ ಡಬ್ಬಿ ಹಿಡಿದು ನಿಂತು, ಎರಡನೆಯ ಸಲ ಓದುತ್ತಿದ್ದ.